‘ಕಟ್ಟಲಾಯಿತು’: ಕರ್ಮಣಿಯೋ, ನಿರ್ವೈಯಕ್ತಿಕವೋ?

(ಪ್ರೌಢಶಾಲಾ ಶಿಕ್ಷಕರಿಗಾಗಿ ಸಿದ್ಧವಾಗುತ್ತಿರುವ ಕನ್ನಡ ವ್ಯಾಕರಣ ಕೈಪಿಡಿಯ ಇಬ್ಬರು ಸಂಪಾದಕರ ನಡುವೆ ನಡೆದ ಚರ್ಚೆ. ಒಬ್ಬರು ವಾಕ್ಯರಚನೆಯನ್ನು ಬಹುಕಾಲ ಬೋಧಿಸಿದ ಪ್ರಾಧ್ಯಾಪಕಿ, ಇನ್ನೊಬ್ಬರು ದ್ರಾವಿಡ ಭಾಷೆಗಳ ಸಂಶೋಧಕರು. ‘ಪ್ರಯೋಗಗಳು’ ಎಂಬ ಅಧ್ಯಾಯದ ಕರಡು ಇಬ್ಬರ ಮುಂದೆಯೂ ಇದೆ.)

ಪ್ರಾಧ್ಯಾಪಕಿ: ಕರಡಿನಲ್ಲಿ ನೀವು ಕರ್ಮಣಿ ಪ್ರಯೋಗದ ಭಾಗದಿಂದ ‘ಈ ಶಾಲೆಯನ್ನು 1962ರಲ್ಲಿ ಕಟ್ಟಲಾಯಿತು’ ಎಂಬ ವಾಕ್ಯವನ್ನು ತೆಗೆದುಹಾಕಿದ್ದೀರಿ. ಇಂದು ಕನ್ನಡದಲ್ಲಿ ಬರೆಯುವವರು ಕರ್ಮಣಿ ಬೇಕೆನಿಸಿದಾಗ ಬಳಸುವುದು ಈ ರೂಪವನ್ನೇ. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂಬಂಥ ವಾಕ್ಯ ಪಠ್ಯಪುಸ್ತಕದ ಆಚೆಗೆ ಅಪರೂಪವಾಗಿರುವಾಗ, ಬಳಕೆಯಲ್ಲಿರುವುದನ್ನು ಹೊರಗಿಟ್ಟು ಬಳಕೆಯಲ್ಲಿ ಇಲ್ಲದ್ದನ್ನು ಮಾತ್ರ ಉಳಿಸಿಕೊಂಡರೆ ಶಿಕ್ಷಕರು ಏನೆಂದುಕೊಳ್ಳುತ್ತಾರೆ?

ಸಂಶೋಧಕ: ಹೊರಗಿಟ್ಟಿಲ್ಲ ಮೇಡಂ, ಬೇರೆ ಕಡೆ, ಮಾಡಿದವರು ಯಾರೆಂದು ಹೆಸರಿಸದ ನಿರ್ವೈಯಕ್ತಿಕ ಪ್ರಯೋಗ ಎಂದು ಇಟ್ಟಿದ್ದೇನೆ. ಬಳಕೆ ಹೆಚ್ಚೋ ಕಡಿಮೆಯೋ ಎಂಬುದು ಒಂದು ಪ್ರಶ್ನೆ, ರಚನೆ ಯಾವ ಜಾತಿಗೆ ಸೇರಿದ್ದು ಎಂಬುದು ಇನ್ನೊಂದು. ಕರ್ಮಣಿಯಲ್ಲಿ ಕರ್ಮಪದವು ವಾಕ್ಯದ ಕರ್ತೃಸ್ಥಾನಕ್ಕೆ ಏರಬೇಕು: ಪ್ರಥಮಾ ವಿಭಕ್ತಿಯನ್ನು ಪಡೆಯಬೇಕು, ಕ್ರಿಯಾಪದವನ್ನು ತನ್ನ ಲಿಂಗವಚನಗಳಿಗೆ ಒಗ್ಗಿಸಿಕೊಳ್ಳಬೇಕು. ‘ಅತಿಥಿಗಳು ಸನ್ಮಾನಿಸಲ್ಪಟ್ಟರು’ ಎಂಬಲ್ಲಿ ಈ ಎರಡೂ ಆಗಿವೆ. ‘ಅತಿಥಿಗಳನ್ನು ಸನ್ಮಾನಿಸಲಾಯಿತು’ ಎಂಬಲ್ಲಿ ಎರಡೂ ಆಗಿಲ್ಲ. ಸನ್ಮಾನಿತರು ಒಬ್ಬರಿರಲಿ, ನೂರು ಮಂದಿಯಿರಲಿ, ಹೆಣ್ಣಾಗಲಿ ಗಂಡಾಗಲಿ, ಕ್ರಿಯಾಪದ ‘ಆಯಿತು’ ಎಂದೇ ನಿಲ್ಲುತ್ತದೆ.

ಪ್ರಾಧ್ಯಾಪಕಿ: ‘ಮನೆ ಕಟ್ಟಲಾಗಿದೆ’ ಎಂದು ‘ಅನ್ನು’ ಇಲ್ಲದೆಯೂ ಜನ ಬರೆಯುತ್ತಾರಲ್ಲ?

ಸಂಶೋಧಕ: ಅದರಿಂದ ಏನೂ ತಿಳಿಯುವುದಿಲ್ಲ. ‘ಅವನು ಮನೆ ಕಟ್ಟಿದ’ ಎಂಬ ಕರ್ತರಿ ವಾಕ್ಯದಲ್ಲೂ ನಿರ್ಜೀವ ಕರ್ಮದ ಪ್ರತ್ಯಯ ಬಿದ್ದುಹೋಗುತ್ತದೆ. ಪರೀಕ್ಷಿಸಬೇಕಾದದ್ದು ಮನುಷ್ಯವಾಚಿಗಳ ಮೇಲೆ. ‘ಅವರು ಸನ್ಮಾನಿಸಲಾಯಿತು’ ಎಂದು ಒಬ್ಬ ವಿದ್ಯಾರ್ಥಿ ಬರೆದರೆ ನೀವೇ ಕೆಂಪುಗೆರೆ ಎಳೆಯುತ್ತೀರಿ.

ಪ್ರಾಧ್ಯಾಪಕಿ: ಎಳೆಯುತ್ತೇನೆ. ಆದರೆ ನಿಮ್ಮ ವಾದವೆಲ್ಲ ಒಂದು ವ್ಯಾಖ್ಯೆಯ ಮೇಲೆ ನಿಂತಿದೆ: ಕರ್ಮ ಏರಿದರೆ ಮಾತ್ರ ಕರ್ಮಣಿ. ಕರ್ತೃ, ಕರ್ಮ ಎಂಬ ಸಂಬಂಧಗಳ ಮೇಲೆಯೇ ವಾಕ್ಯವನ್ನು ವಿವರಿಸುವ ಸಂಬಂಧ ವ್ಯಾಕರಣದ ಪರ್ಲ್‌ಮಟರ್ ಮತ್ತು ಪೋಸ್ಟಲ್ ಹಾಗೆ ಹೇಳಿದರು, ನಿಜ. ಆದರೆ 1977ರಲ್ಲೇ ಭಾಷಾವಿಜ್ಞಾನಿ ಬರ್ನಾರ್ಡ್ ಕಾಮ್ರಿ, ಏರಿಕೆಯಿಲ್ಲದೆ ಕರ್ತೃವಿನ ಇಳಿಕೆಯಷ್ಟೇ ನಡೆಯುವುದು ಸಾಧ್ಯ ಎಂದು ವಾದಿಸಿದರು. ಶಿಬತಾನಿಯವರು 1985ರಲ್ಲಿ ಕರ್ತೃವನ್ನು ಹಿನ್ನೆಲೆಗೆ ಸರಿಸುವುದೇ ಇಂಥ ರಚನೆಗಳ ಮುಖ್ಯ ಕೆಲಸವೆಂದರು. ಆ ಅಳತೆಯಲ್ಲಿ ನೋಡಿದರೆ ‘ಕಟ್ಟಲಾಯಿತು’ ಎಂಬುದು ಕಟ್ಟಿದವರನ್ನು ಎಷ್ಟು ಅಚ್ಚುಕಟ್ಟಾಗಿ ಮರೆಗೆ ಸರಿಸುತ್ತದೆ ನೋಡಿ. ನಮ್ಮ ಸರ್ಕಾರಿ ಆದೇಶಗಳಿಗೆ ಅದು ಅಷ್ಟು ಪ್ರಿಯವಾಗಿರುವುದು ಸುಮ್ಮನೆ ಅಲ್ಲ!

ಸಂಶೋಧಕ: ಮರೆಗೆ ಸರಿಸುವುದನ್ನೇ ಅಳತೆಯಾಗಿ ತೆಗೆದುಕೊಂಡರೆ ‘ಅಲ್ಲಿ ರಾಗಿ ಬೆಳೆಯುತ್ತಾರೆ’ ಎಂಬ ವಾಕ್ಯವನ್ನೂ ಕರ್ಮಣಿ ಎನ್ನಬೇಕಾಗುತ್ತದೆ. ಯಾರು ಬೆಳೆಯುತ್ತಾರೆಂದು ಅಲ್ಲಿಯೂ ಹೇಳಿಲ್ಲ. ನೀವು ಆಧುನಿಕರನ್ನು ಕರೆದಿರಿ, ನಾನು ಪಾಣಿನಿಯನ್ನು ಕರೆಯುತ್ತೇನೆ. ‘ಅನಭಿಹಿತೇ’ ಎಂಬ ಸೂತ್ರದ ತಿರುಳೇನು? ಕ್ರಿಯಾಪದದ ಪ್ರತ್ಯಯವು ಹೇಳದೆ ಬಿಟ್ಟ ಕಾರಕಕ್ಕೆ ಮಾತ್ರ ಅದರದರ ವಿಭಕ್ತಿ ಬರುತ್ತದೆ ಎಂದು. ಕ್ರಿಯಾಪದವೇ ಕರ್ಮವನ್ನು ಹೇಳಿಬಿಟ್ಟಿದ್ದರೆ ಕರ್ಮಪದಕ್ಕೆ ದ್ವಿತೀಯೆ ಬರುವುದಿಲ್ಲ. ‘ಶಾಲೆಯನ್ನು’ ಎಂದು ದ್ವಿತೀಯೆ ಕಣ್ಣಿಗೆ ರಾಚುವಂತೆ ನಿಂತಿದೆ. ಆದ್ದರಿಂದ ‘ಕಟ್ಟಲಾಯಿತು’ ಕರ್ಮವನ್ನು ಹೇಳುತ್ತಿಲ್ಲ.

ಪ್ರಾಧ್ಯಾಪಕಿ: ಪಾಣಿನಿ ನಿಮಗೂ ಪೂರ್ತಿ ಒಲಿಯುವುದಿಲ್ಲ. ಕರ್ತೃವನ್ನೂ ಹೇಳದೆ ಕರ್ಮವನ್ನೂ ಹೇಳದೆ ಕ್ರಿಯೆಯನ್ನಷ್ಟೇ ಹೇಳುವುದು ಭಾವೇ ಪ್ರಯೋಗ, ಅದು ‘ಲಃ ಕರ್ಮಣಿ ಚ ಭಾವೇ ಚಾಕರ್ಮಕೇಭ್ಯಃ’ ಎಂಬ ಸೂತ್ರದ ಪ್ರಕಾರ ಅಕರ್ಮಕ ಧಾತುಗಳಿಗೆ ಮೀಸಲು. ‘ಕಟ್ಟು’ ಸಕರ್ಮಕ.

ಸಂಶೋಧಕ: ಒಪ್ಪುತ್ತೇನೆ, ಸಂಸ್ಕೃತದ ಎರಡು ಪೆಟ್ಟಿಗೆಗಳಲ್ಲಿ ಒಂದೂ ಇದಕ್ಕೆ ಅಳತೆಯಾಗುವುದಿಲ್ಲ. ಅದಕ್ಕೇ ಮೂರನೆಯದು ಬೇಕೆನ್ನುತ್ತಿದ್ದೇನೆ. ನೀವು ಅಕರ್ಮಕಗಳನ್ನು ಎತ್ತಿದ್ದು ಒಳ್ಳೆಯದೇ ಆಯಿತು. ‘ಸಂಜೆಯವರೆಗೂ ಕಾಯಲಾಯಿತು’, ‘ಕೂಡಲೇ ಸ್ಥಳಕ್ಕೆ ತೆರಳಲಾಯಿತು’ ಎಂದು ಪೊಲೀಸ್ ವರದಿಗಳಲ್ಲಿ ಓದುತ್ತೇವೆ. ಕರ್ಮವೇ ಇಲ್ಲದ ಕಡೆ ಕರ್ಮಣಿ ಹೇಗೆ?

ಪ್ರಾಧ್ಯಾಪಕಿ: ಡಚ್ ಮತ್ತು ಜರ್ಮನ್ ಭಾಷೆಗಳಲ್ಲಿ ‘ಇಲ್ಲಿ ಕುಣಿಯಲಾಗುತ್ತದೆ’ ಎಂಬಂಥ ವಾಕ್ಯಗಳು ಕರ್ಮಣಿಯ ರೂಪದಲ್ಲೇ ಬರುತ್ತವೆ, ಅವನ್ನು ಎಲ್ಲರೂ ‘ನಿರ್ವೈಯಕ್ತಿಕ ಕರ್ಮಣಿ’ ಎಂದೇ ಕರೆಯುತ್ತಾರೆ. ಅಷ್ಟೇ ಅಲ್ಲ, ಪರ್ಲ್‌ಮಟರ್ 1978ರಲ್ಲಿ ತೋರಿಸಿದ ಹಾಗೆ, ಇಚ್ಛೆಯಿಂದ ಮಾಡುವ ಅಕರ್ಮಕ ಕ್ರಿಯೆಗಳು ಅಲ್ಲಿ ಒಗ್ಗುತ್ತವೆ, ತಾನಾಗಿ ಆಗುವವು ಒಗ್ಗುವುದಿಲ್ಲ. ಕನ್ನಡದಲ್ಲೂ ‘ಕಾಯಲಾಯಿತು’ ಸರಿ, ‘ಮರ ಬೀಳಲಾಯಿತು’ ತಪ್ಪು. ಇಷ್ಟು ನಿಕಟವಾದ ಹೋಲಿಕೆಯನ್ನು ಬದಿಗೆ ತಳ್ಳುವುದು ಹೇಗೆ?

ಸಂಶೋಧಕ: ಹೋಲಿಕೆ ಅಕರ್ಮಕಗಳವರೆಗೆ ಮಾತ್ರ. ಸಕರ್ಮಕಕ್ಕೆ ಬನ್ನಿ. ಚಿರತೆಯೊಂದು ಕೊಟ್ಟಿಗೆಗೆ ನುಗ್ಗಿ ಕರುವನ್ನು ಕೊಂದಿತು ಎಂದಿಟ್ಟುಕೊಳ್ಳಿ. ‘ಕರು ಚಿರತೆಯಿಂದ ಕೊಲ್ಲಲ್ಪಟ್ಟಿತು’ ಎಂದರೆ ಪುಸ್ತಕದ ಭಾಷೆ ಎನ್ನಬಹುದು, ತಪ್ಪು ಎನ್ನಲಾಗದು. ಅದೇ ಸುದ್ದಿಯನ್ನು ‘ನಿನ್ನೆ ರಾತ್ರಿ ಕರುವನ್ನು ಕೊಲ್ಲಲಾಯಿತು’ ಎಂದು ಬರೆಯಿರಿ. ಓದಿದವರು ಚಿರತೆಯನ್ನು ಹುಡುಕುವುದಿಲ್ಲ, ಯಾರು ಕೊಂದವರು ಎಂದು ಊರಿನವರನ್ನೇ ದಿಟ್ಟಿಸುತ್ತಾರೆ. ‘ಚಿರತೆಯಿಂದ ಕರುವನ್ನು ಕೊಲ್ಲಲಾಯಿತು’ ಎಂದು ಸೇರಿಸಿದರೂ ವಾಕ್ಯ ಸರಿಹೋಗುವುದಿಲ್ಲ, ನಗು ಬರುತ್ತದೆ. ಡಚ್ಚಿನ ಸಕರ್ಮಕ ಕರ್ಮಣಿಗೆ ಈ ಕಟ್ಟುಪಾಡಿಲ್ಲ, ಅಲ್ಲಿ ನಾಯಿಯೂ ಕಚ್ಚಬಹುದು. ಎಂದರೆ ‘-ಲಾಗು’ ರೂಪದೊಳಗೆ ಹೆಸರಿಲ್ಲದ, ಆದರೆ ಮನುಷ್ಯನೇ ಆದ ಕರ್ತೃವೊಬ್ಬ ಕುಳಿತಿದ್ದಾನೆ. ಪೋಲಿಷ್ ಭಾಷೆಯ ‘-ನೊ’, ‘-ತೊ’ ರೂಪಗಳೂ ಹೀಗೆಯೇ: ಕರ್ಮ ದ್ವಿತೀಯೆಯಲ್ಲಿರುತ್ತದೆ, ಕರ್ತೃ ಅಧ್ಯಾಹಾರವಾಗಿರುವ ಮನುಷ್ಯ. ಅವನ್ನು ಪೋಲಿಷ್ ವೈಯಾಕರಣರು ಕರ್ಮಣಿಯಿಂದ ಬೇರೆಯಾಗಿಯೇ ಇಡುತ್ತಾರೆ.

ಪ್ರಾಧ್ಯಾಪಕಿ: ಪಕ್ಕದಲ್ಲೇ ಉಕ್ರೇನಿಯನ್ ಇದೆ, ಅದನ್ನು ಏಕೆ ಬಿಟ್ಟಿರಿ? ಅದೇ ಪ್ರತ್ಯಯ, ಅದೇ ದ್ವಿತೀಯೆ, ಆದರೆ ಮಾಡಿದವರನ್ನು ತೃತೀಯೆಯಲ್ಲಿ ಹೇಳಬಹುದು. ಪೋಲಿಷ್‌ನಲ್ಲಿ ಅದು ಆಗದು. ಹಾಗಾದರೆ ದ್ವಿತೀಯೆ ಇದ್ದ ಮಾತ್ರಕ್ಕೆ ಕರ್ಮಣಿ ಅಲ್ಲವೆಂದು ಹೇಳಲಾಗದು, ಕರ್ತೃಪದವನ್ನು ಸೇರಿಸಲು ಬರುತ್ತದೆಯೇ ಎಂಬುದು ಮುಖ್ಯ. ಕನ್ನಡದಲ್ಲಿ ಬರುತ್ತದೆ: ‘ಪೊಲೀಸರಿಂದ ಆರೋಪಿಯನ್ನು ಬಂಧಿಸಲಾಯಿತು’, ‘ಇಲಾಖೆಯಿಂದ ಪುಸ್ತಕಗಳನ್ನು ಹಂಚಲಾಯಿತು’.

ಸಂಶೋಧಕ: ನಿಮ್ಮ ವಾದದ ಗಟ್ಟಿ ಕಂಬ ಇದೇ, ಹಾಗಾಗಿ ಸ್ವಲ್ಪ ಹೊತ್ತು ಇಲ್ಲೇ ನಿಲ್ಲೋಣ. ‘ಪೊಲೀಸರಿಂದ ಆರೋಪಿಯ ಬಂಧನ’, ‘ಮುಖ್ಯಮಂತ್ರಿಯಿಂದ ಸೇತುವೆ ಉದ್ಘಾಟನೆ’ ಎಂಬ ಶೀರ್ಷಿಕೆಗಳಲ್ಲಿ ಕ್ರಿಯಾಪದವೇ ಇಲ್ಲ, ಆದರೂ ‘ಇಂದ’ ಇದೆ. ಕರ್ತೃವಾಚಿ ‘ಇಂದ’ ಪ್ರತ್ಯಯಕ್ಕೆ ಕರ್ಮಣಿಯ ಆಸರೆ ಬೇಕಾಗಿಲ್ಲವೆಂದ ಮೇಲೆ ಅದು ಕರ್ಮಣಿಗೆ ಸಾಕ್ಷಿಯಾಗದು. ಇನ್ನು ‘ಇಲಾಖೆಯಿಂದ’ ಎಂಬುದು ‘ಇಲಾಖೆಯ ವತಿಯಿಂದ’ ಎಂಬುದಕ್ಕಿಂತ ಬೇರೆಯಲ್ಲ, ಅದು ಮೂಲವನ್ನು ಹೇಳುತ್ತದೆ. ಸಂಸ್ಥೆಯ ಜಾಗದಲ್ಲಿ ಒಬ್ಬ ವ್ಯಕ್ತಿಯನ್ನು ಇಟ್ಟು ನೋಡಿ: ‘ನನ್ನಿಂದ ಈ ಮನೆಯನ್ನು ಕಟ್ಟಲಾಯಿತು’. ಹೀಗೆ ಯಾರು ಹೇಳುತ್ತಾರೆ? ನಿಷೇಧಕ್ಕೆ ತಿರುಗಿಸಿದರಂತೂ ಅರ್ಥವೇ ಬದಲಾಗುತ್ತದೆ. ‘ನನ್ನಿಂದ ಆ ಬಾಗಿಲನ್ನು ತೆರೆಯಲಾಗಲಿಲ್ಲ’ ಎಂದರೆ ನನ್ನ ಕೈಲಾಗಲಿಲ್ಲ ಎಂದರ್ಥ. ನಿಮ್ಮ ವಾಕ್ಯವನ್ನೇ ತಿರುಗಿಸಿ: ‘ಪೊಲೀಸರಿಂದ ಆರೋಪಿಯನ್ನು ಬಂಧಿಸಲಾಗಲಿಲ್ಲ’. ಪೊಲೀಸರು ಸೋತರು ಎಂದಾಯಿತು.

ಪ್ರಾಧ್ಯಾಪಕಿ: ‘ಬಂಧಿಸಲಾಗಿಲ್ಲ’ ಎಂದರೆ ಸೋಲಿನ ಅರ್ಥ ಬರುವುದಿಲ್ಲ.

ಸಂಶೋಧಕ: ಬರುವುದಿಲ್ಲ, ಆದರೆ ಆಗ ‘ಪೊಲೀಸರಿಂದ’ ಎಂಬ ಪದವನ್ನು ನೀವೇ ಬಿಟ್ಟುಬಿಡುತ್ತೀರಿ. ‘ಆರೋಪಿಯನ್ನು ಇನ್ನೂ ಬಂಧಿಸಲಾಗಿಲ್ಲ’ ಎಂದೇ ಸಹಜವಾಗಿ ಬರೆಯುತ್ತೇವೆ.

ಪ್ರಾಧ್ಯಾಪಕಿ: ಅದೇ ತರ್ಕದಲ್ಲಿ ‘ಕೊಲ್ಲಲ್ಪಟ್ಟನು’ ಜೊತೆಗಿನ ‘ರಾಮನಿಂದ’ ಕೂಡ ಸಾಕ್ಷಿಯಲ್ಲ ಎಂದಾಗುತ್ತದೆ.

ಸಂಶೋಧಕ: ಆಗಲಿ. ‘-ಲ್ಪಡು’ ಕರ್ಮಣಿ ಎನ್ನಲು ನನಗೆ ‘ರಾಮನಿಂದ’ ಬೇಕಾಗಿಲ್ಲ, ಬೇರೆ ಆಧಾರವಿದೆ. ‘ಕಳ್ಳನು ಓಡಿಹೋಗಿ ಹಿಡಿಯಲ್ಪಟ್ಟನು’, ‘ಕಳ್ಳನನ್ನು ಓಡಿಹೋಗಿ ಹಿಡಿಯಲಾಯಿತು’. ಎರಡನ್ನೂ ನಿಧಾನವಾಗಿ ಓದಿ, ಓಡಿದವರು ಯಾರೆಂದು ಹೇಳಿ.

ಪ್ರಾಧ್ಯಾಪಕಿ: ಮೊದಲನೆಯದರಲ್ಲಿ ಕಳ್ಳ. ಎರಡನೆಯದರಲ್ಲಿ… ಹಿಡಿದವರು.

ಸಂಶೋಧಕ: ‘-ಇ’, ‘-ದು’ ಪ್ರತ್ಯಯದ ಭೂತಕೃದಂತವು ಮುಖ್ಯ ಕ್ರಿಯೆಯ ಕರ್ತೃವನ್ನೇ ತನ್ನ ಕರ್ತೃವಾಗಿ ಹಿಡಿಯುತ್ತದೆ. ‘-ಲ್ಪಡು’ ವಾಕ್ಯದಲ್ಲಿ ಅದು ಕಳ್ಳನಿಗೆ ಅಂಟಿದ್ದು ಅವನು ಕರ್ತೃಸ್ಥಾನಕ್ಕೆ ಏರಿರುವುದರಿಂದ. ‘-ಲಾಗು’ ವಾಕ್ಯದಲ್ಲಿ ಅವನು ಕರ್ಮವಾಗಿಯೇ ಉಳಿದಿದ್ದಾನೆ, ಕಾಣದ ಕರ್ತೃವಿಗೆ ಕೃದಂತ ಅಂಟಿದೆ. ವಿಭಕ್ತಿಯನ್ನೂ ಲಿಂಗವಚನವನ್ನೂ ಮೇಲ್ಮೈಯ ಸಂಗತಿಗಳು ಎಂದು ನೀವು ತಳ್ಳಿಹಾಕಬಹುದು, ಇದು ಮೇಲ್ಮೈಯದಲ್ಲ.

ಪ್ರಾಧ್ಯಾಪಕಿ: ಪರೀಕ್ಷೆ ಚೆನ್ನಾಗಿದೆ, ಆದರೆ ಅದು ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ‘ಊಟ ಮಾಡಿ ನನಗೆ ನಿದ್ದೆ ಬಂತು’ ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಬಂದದ್ದು ನಿದ್ದೆ, ಕ್ರಿಯಾಪದ ಒಗ್ಗಿಕೊಂಡಿರುವುದು ನಿದ್ದೆಗೆ. ಊಟ ಮಾಡಿದ್ದು ಮಾತ್ರ ಚತುರ್ಥಿಯಲ್ಲಿರುವ ‘ನಾನು’. ಎಂದರೆ ಕೃದಂತವು ವ್ಯಾಕರಣದ ಕರ್ತೃವನ್ನಲ್ಲ, ಅರ್ಥದಲ್ಲಿ ಮುಂದಿರುವ ವ್ಯಕ್ತಿಯನ್ನು ಹುಡುಕಿಕೊಂಡು ಹೋಗುತ್ತದೆ. ಹಾಗಿದ್ದರೆ ನಿಮ್ಮ ಕಳ್ಳನ ವಾಕ್ಯ ತೋರಿಸುವುದು ಇಷ್ಟು: ‘-ಲಾಗು’ ರೂಪದಲ್ಲಿ ಮಾಡಿದವರು ಮನಸ್ಸಿನಲ್ಲಿ ಇನ್ನೂ ಹತ್ತಿರದಲ್ಲಿದ್ದಾರೆ, ‘-ಲ್ಪಡು’ ರೂಪದಲ್ಲಿ ದೂರ ಸರಿದಿದ್ದಾರೆ. ಇದನ್ನು ನಾನು ಕರ್ಮಣಿಯ ಎರಡು ಮಟ್ಟಗಳು ಎನ್ನುತ್ತೇನೆ, ನೀವು ಎರಡು ಜಾತಿಗಳು ಎನ್ನುತ್ತೀರಿ.

ಸಂಶೋಧಕ: ಚತುರ್ಥಿಯ ವಾಕ್ಯ ನನಗೂ ತೊಡಕಿನದೇ. ಆದರೂ ಅಲ್ಲಿ ‘ನನಗೆ’ ಎಂಬ ಪದ ವಾಕ್ಯದೊಳಗೆ ಇದೆ. ಇಲ್ಲಿ ಇಲ್ಲದ ಪದವೊಂದು ಇರುವ ‘ಕಳ್ಳನನ್ನು’ ಎಂಬುದನ್ನು ಹಿಂದೆ ಹಾಕುತ್ತಿದೆ. ಮಟ್ಟದ ವ್ಯತ್ಯಾಸ ಎಂಬ ವಿವರಣೆಯಿಂದ ಚಿರತೆಯ ವಾಕ್ಯ ಏಕೆ ಕೆಡುತ್ತದೆ ಎಂಬುದಕ್ಕೂ ಉತ್ತರ ಸಿಗುವುದಿಲ್ಲ.

ಪ್ರಾಧ್ಯಾಪಕಿ: ಚಿರತೆಗೆ ನನ್ನಲ್ಲಿ ಉತ್ತರವಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ನಿಮ್ಮ ಕರಡಿನಲ್ಲಿ ಇಲ್ಲದ ಒಂದು ಸಂಗತಿ ಇದೆ. ‘ಬಡವರಿಗೆ ಮನೆಗಳು ಕಟ್ಟಲಾಗಿವೆ’ ಎಂಬಂಥ ವಾಕ್ಯ ಸುದ್ದಿಗಳಲ್ಲಿ ಈಗ ಕಾಣುತ್ತದೆ. ನೀವು ಅದನ್ನು ತಪ್ಪು ಎನ್ನುವಿರಿ. ನನಗೆ ಅದು ಬದಲಾವಣೆಯ ಸೂಚನೆಯಂತೆ ತೋರುತ್ತದೆ: ‘ಮನೆಗಳು’ ಪ್ರಥಮೆಗೆ ಬಂದಿದೆ, ‘ಇವೆ’ ಬಹುವಚನಕ್ಕೆ ಒಗ್ಗಿದೆ. ನೀವು ಕೇಳಿದ ಎರಡು ಲಕ್ಷಣಗಳೂ ಅಲ್ಲಿವೆ.

ಸಂಶೋಧಕ: ನಪುಂಸಕಲಿಂಗದಲ್ಲಿ ಮಾತ್ರ ಇವೆ. ‘ಅತಿಥಿಗಳು ಸನ್ಮಾನಿಸಲಾಗಿದ್ದಾರೆ’ ಎಂದು ಯಾರೂ ಬರೆದದ್ದನ್ನು ನಾನು ಕಂಡಿಲ್ಲ. ಮನುಷ್ಯವಾಚಿಗಳಿಗೂ ಅದು ಹಬ್ಬಿದರೆ ನಾನೇ ಈ ಭಾಗವನ್ನು ಕರ್ಮಣಿಯೊಳಗೆ ಸೇರಿಸುತ್ತೇನೆ.

ಪ್ರಾಧ್ಯಾಪಕಿ: ಹಾಗಾದರೆ ಕೈಪಿಡಿಯಲ್ಲಿ ಹೀಗೆ ಮಾಡಿ. ‘-ಲ್ಪಡು’ ಆದ ಕೂಡಲೇ, ಬೇರೆ ಅಧ್ಯಾಯಕ್ಕೆ ಕಳಿಸದೆ, ‘-ಲಾಗು ಪ್ರಯೋಗ’ ಎಂಬ ತಲೆಬರಹದಲ್ಲಿ ಇದನ್ನು ಇಡಿ. ತಲೆಬರಹದಲ್ಲಿ ‘ಕರ್ಮಣಿ’ಯೂ ಬೇಡ, ‘ನಿರ್ವೈಯಕ್ತಿಕ’ವೂ ಬೇಡ. ಕಳ್ಳನ ಎರಡು ವಾಕ್ಯಗಳನ್ನೂ ಚಿರತೆಯ ವಾಕ್ಯವನ್ನೂ ಅಭ್ಯಾಸಕ್ಕೆ ಕೊಡಿ, ಜೊತೆಗೆ ನನ್ನ ‘ಮನೆಗಳು ಕಟ್ಟಲಾಗಿವೆ’ ಎಂಬುದನ್ನೂ ತಪ್ಪಿನ ಗುರುತು ಹಾಕದೆ ಸೇರಿಸಿ.

ಸಂಶೋಧಕ: ಗುರುತು ಹಾಕುವುದಿಲ್ಲ, ಆದರೆ ‘ಕೆಲವರ ಬರವಣಿಗೆಯಲ್ಲಿ’ ಎಂದು ಸೇರಿಸುತ್ತೇನೆ.

ಪ್ರಾಧ್ಯಾಪಕಿ: ಸೇರಿಸಿ. ಇನ್ನು ಕರಡಿನ ‘ಬೇಕು’, ‘ಸಾಕು’ಗಳ ಭಾಗಕ್ಕೆ ಬನ್ನಿ, ಅಲ್ಲಿ ನಿಮ್ಮ ಉದಾಹರಣೆಗಳು ಸಾಲದು.