ವಿಷಯ: ಲ್ಯಾಬ್ ಟೆಕ್ನಿಷಿಯನ್ ಹುದ್ದೆಗೆ ಅರ್ಜಿ

ಪ್ರಯೋಗಾಲಯ ವ್ಯವಸ್ಥಾಪಕರಿಗೆ,

ಮಾನ್ಯರೇ,

ತಮ್ಮ ಮೈಸೂರು ಪ್ರಯೋಗಾಲಯದಲ್ಲಿ ಖಾಲಿ ಇರುವ ಲ್ಯಾಬ್ ಟೆಕ್ನಿಷಿಯನ್ ಹುದ್ದೆಗೆ ಈ ಅರ್ಜಿ ಸಲ್ಲಿಸುತ್ತಿದ್ದೇನೆ. ಡಿಎಂಎಲ್‌ಟಿ ಮುಗಿಸಿ, ಹುಬ್ಬಳ್ಳಿಯ ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯವೊಂದರಲ್ಲಿ ಆರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ.

ಸಿಸ್ಮೆಕ್ಸ್ ಎಕ್ಸ್‌ಎನ್-1000 ರಕ್ತಕಣ ಎಣಿಕೆ ಯಂತ್ರ, ಬೆಕ್‌ಮನ್ ಕೌಲ್ಟರ್ ಎಯು480 ಬಯೋಕೆಮಿಸ್ಟ್ರಿ ಅನಲೈಸರ್ ಹಾಗೂ ಎಚ್‌ಬಿಎ1ಸಿಗೆ ಬಳಸುವ ಬಯೋ-ರ‍್ಯಾಡ್ ಡಿ-10 ಯಂತ್ರಗಳ ಕ್ಯಾಲಿಬ್ರೇಷನ್, ದೈನಂದಿನ ಕಂಟ್ರೋಲ್ ಮತ್ತು ನಿರ್ವಹಣೆಯನ್ನು ಸ್ವತಂತ್ರವಾಗಿ ಮಾಡಬಲ್ಲೆ. ಯಂತ್ರ ಫ್ಲ್ಯಾಗ್ ತೋರಿಸಿದ ಮಾದರಿಗಳ ಸ್ಮಿಯರ್ ಅನ್ನು ಲೀಶ್‌ಮನ್ ಬಣ್ಣ ಹಾಕಿ ನಾನೇ ನೋಡುತ್ತೇನೆ. ಪ್ಲೇಟ್‌ಲೆಟ್ ಕಡಿಮೆ ಬಂದಾಗ ಅವು ಗುಂಪುಗಟ್ಟಿವೆಯೇ ಎಂದು ಪರೀಕ್ಷಿಸದೆ ವರದಿಯನ್ನು ಮುಂದಕ್ಕೆ ಕಳಿಸುವುದಿಲ್ಲ.

ಪ್ರಯೋಗಾಲಯವು ಐಎಸ್‌ಒ 15189:2012ರಿಂದ 2022ರ ಆವೃತ್ತಿಗೆ ಬದಲಾದಾಗ ಬಯೋಕೆಮಿಸ್ಟ್ರಿ ವಿಭಾಗದ ಎಸ್‌ಒಪಿಗಳ ಪರಿಷ್ಕರಣೆ, ಅಪಾಯ ವಿಶ್ಲೇಷಣೆಯ ದಾಖಲೆ ಮತ್ತು ವೆಲ್ಲೂರಿನ ಸಿಎಂಸಿಯ ಇಕ್ಯುಎಎಸ್ ಮಾದರಿಗಳ ಹೊಣೆ ನನ್ನದಾಗಿತ್ತು. ಒಂದು ಬೆಳಿಗ್ಗೆ ಪೊಟ್ಯಾಸಿಯಂನ ಎರಡೂ ಕಂಟ್ರೋಲ್‌ಗಳು ಒಂದೇ ದಿಕ್ಕಿನಲ್ಲಿ 2ಎಸ್‌ಡಿ ದಾಟಿದ್ದನ್ನು ಕಂಡು ವರದಿಗಳನ್ನು ತಡೆಹಿಡಿದೆ. ಅವಧಿ ಮೀರುತ್ತಿದ್ದ ಎಲೆಕ್ಟ್ರೋಡ್ ಬದಲಿಸಿ, ಮತ್ತೆ ಕ್ಯಾಲಿಬ್ರೇಟ್ ಮಾಡಿ, ಹಿಂದಿನ ಸಂಜೆಯ ಮಾದರಿಗಳನ್ನೂ ಪುನಃ ಪರೀಕ್ಷಿಸಿದೆ. ಆ ಸರಿಪಡಿಕೆಯ ದಾಖಲೆಯನ್ನೇ ಮುಂದಿನ ಮೌಲ್ಯಮಾಪನದಲ್ಲಿ ಪರಿಶೀಲಿಸಲಾಯಿತು, ಯಾವ ಆಕ್ಷೇಪಣೆಯೂ ಬರಲಿಲ್ಲ. ವರದಿಯ ಆ ಒಂದು ಅಂಕಿಯನ್ನು ನಂಬಿ ವೈದ್ಯರು ಔಷಧ ಬರೆಯುತ್ತಾರೆ ಎಂಬುದು ನನಗೆ ಸದಾ ನೆನಪಿರುತ್ತದೆ.

ರಾತ್ರಿ ಪಾಳಿಗೂ ಸಿದ್ಧಳಿದ್ದೇನೆ. ಒಂದು ತಿಂಗಳ ನೋಟಿಸ್ ಅವಧಿಯ ನಂತರ ಸೇರಬಲ್ಲೆ. ಸ್ವವಿವರ, ಪ್ಯಾರಾಮೆಡಿಕಲ್ ಮಂಡಳಿಯ ಪ್ರಮಾಣಪತ್ರ ಮತ್ತು ಅನುಭವ ಪತ್ರಗಳನ್ನು ಲಗತ್ತಿಸಿದ್ದೇನೆ. ಸಂದರ್ಶನಕ್ಕೆ ಅವಕಾಶ ನೀಡಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಸವಿತಾ
ಹುಬ್ಬಳ್ಳಿ