ಮಂಜಪ್ಪಣ್ಣನಿಗೆ ಬೀಳ್ಕೊಡುಗೆ: 33 ವರ್ಷ, 10 ತಿಂಗಳು, 16 ದಿನ

ಎಲ್ಲರಿಗೂ ನಮಸ್ಕಾರ.

ಎಇಇ ಸಾಹೇಬರೇ, ಸೆಕ್ಷನ್ ಆಫೀಸರ್ ಮೇಡಂ ಅವರೇ, ಶಿಫ್ಟ್ ಬದಲಾಯಿಸಿಕೊಂಡು ಬಂದಿರುವ ಸಬ್‌ಸ್ಟೇಷನ್ ಆಪರೇಟರ್‌ಗಳೇ, ನಮ್ಮ ಲೈನ್‌ಮನ್ ಬಳಗದವರೇ, ಸಾವಿತ್ರಕ್ಕ, ಮಕ್ಕಳೇ. ಇಬ್ಬರು ಹುಡುಗರು ಇಲ್ಲಿಗೆ ಬಂದಿಲ್ಲ. ಬೆಳಿಗ್ಗೆ ಬಿದ್ದ ಮರ ತೆಗೆಯಲು ಹೋಗಿದ್ದಾರೆ. ಜುಲೈ ತಿಂಗಳಲ್ಲಿ ತೀರ್ಥಹಳ್ಳಿ ಕಡೆಯ ಲೈನ್‌ಮನ್ ನಿವೃತ್ತಿಯಾದರೆ ಹೀಗೇ ಆಗುವುದು. ಅವರ ಪಾಲಿನ ಊಟ ತೆಗೆದಿಟ್ಟಿದ್ದೇವೆ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಮಂಜಪ್ಪಣ್ಣ ಕೆಲಸಕ್ಕೆ ಹಾಜರಾದದ್ದು 16 ಸೆಪ್ಟೆಂಬರ್ 1991, ಸೋಮವಾರ, ಪೂರ್ವಾಹ್ನ. ನಿವೃತ್ತಿ ಇಂದು, 31 ಜುಲೈ 2025, ಗುರುವಾರ, ಅಪರಾಹ್ನ. ಒಟ್ಟು ಸೇವೆ 33 ವರ್ಷ, 10 ತಿಂಗಳು, 16 ದಿನ.

ಈ 16 ದಿನದ ಬಗ್ಗೆ ಆಫೀಸಿನಲ್ಲಿ ಸಣ್ಣ ಜಗಳವೇ ಆಯ್ತು. 31ರಲ್ಲಿ 16 ಕಳೆದರೆ 15 ಅಲ್ವಾ ಎಂದು ಕೆಲವರ ವಾದ. ಆದರೆ ಸೇರಿದ ದಿನವೂ ಅವರು ಕೆಲಸ ಮಾಡಿದ್ದಾರೆ, ಇವತ್ತೂ ಮಾಡಿದ್ದಾರೆ. ಎರಡೂ ಲೆಕ್ಕಕ್ಕೆ ಬರಬೇಕು. ಹಾಗಾಗಿ 16. ಬರೀ ದಿನಗಳಲ್ಲಿ ಎಣಿಸಿದರೆ 12,373. ನಡುವೆ ಬಂದ ಒಂಬತ್ತು ಫೆಬ್ರವರಿ 29ನ್ನೂ ಬಿಟ್ಟಿಲ್ಲ, ಬೇಕಾದವರು ಮನೆಗೆ ಹೋಗಿ ಕೂಡಿಸಿ ನೋಡಬಹುದು.

ಇಷ್ಟು ವರ್ಷದಲ್ಲಿ ಅವರು ಇದ್ದ ಕಂಬ ಅದೇ, ಮೇಲಿನ ಬೋರ್ಡ್ ಮಾತ್ರ ಬದಲಾಯಿತು. ಸೇರಿದಾಗ ಕೆಇಬಿ. ಅಲ್ಲಿ 7 ವರ್ಷ, 10 ತಿಂಗಳು, 16 ದಿನ. 1999ರ ಆಗಸ್ಟ್ 1ರಿಂದ ಕೆಪಿಟಿಸಿಎಲ್. ಅಲ್ಲಿ 2 ವರ್ಷ, 10 ತಿಂಗಳು. 2002ರ ಜೂನ್ 1ರಿಂದ ಇವತ್ತಿನವರೆಗೆ ಮೆಸ್ಕಾಂನಲ್ಲಿ 23 ವರ್ಷ, 2 ತಿಂಗಳು. ಹಳ್ಳಿಯವರಿಗೆ ಇದ್ಯಾವುದೂ ಗೊತ್ತಿಲ್ಲ. ಅವರಿಗೆ ಇವರು ಇವತ್ತಿಗೂ ‘ಕೆಇಬಿ ಮಂಜಪ್ಪ’.

ಈಗ ನಾನು ನಿಜವಾಗಿ ಹೇಳಬೇಕೆಂದುಕೊಂಡದ್ದು. ಆ 12,373 ದಿನಗಳಲ್ಲಿ ಮಂಜಪ್ಪಣ್ಣನ ಜೊತೆ ಕಂಬ ಹತ್ತಿದ ಒಬ್ಬನಿಗೂ ಕರೆಂಟ್ ಹೊಡೆದಿಲ್ಲ. ಒಬ್ಬನಿಗೂ. ನಮ್ಮ ಕೆಲಸದಲ್ಲಿ ಇದು ಎಂಥ ಮಾತು ಎನ್ನುವುದು ಇಲ್ಲಿ ಕೂತವರಿಗೆ ನಾನು ಹೇಳಬೇಕಾಗಿಲ್ಲ. ನಮ್ಮಲ್ಲಿ ಎಷ್ಟೋ ಜನ ಬೇರೆ ಕಡೆ ಹೆಣ ಇಳಿಸಿ ಬಂದವರಿದ್ದೀರಿ.

ಇದು ಅದೃಷ್ಟದಿಂದ ಆದದ್ದಲ್ಲ. ಇವರು ನಿಧಾನ. ಹೌದು, ನಿಧಾನದ ಮನುಷ್ಯ, ಹೇಳಿಯೇ ಬಿಡೋಣ. ‘ನಿಮ್ಮ ಲೈನ್‌ಮನ್ ಬಂದು ಅರ್ಧ ಗಂಟೆ ಆಯ್ತು, ಇನ್ನೂ ಕೆಳಗೇ ನಿಂತಿದ್ದಾನೆ’ ಎಂದು ಆಫೀಸಿಗೆ ಬಂದ ಫೋನ್‌ಗಳಿಗೆ ಲೆಕ್ಕವಿಲ್ಲ. ಅವರು ಕೆಳಗೆ ನಿಂತು ಮಾಡುತ್ತಿದ್ದದ್ದು ಏನು? ಲೈನ್ ಕ್ಲಿಯರ್ ಕೊಟ್ಟ ಆಪರೇಟರ್‌ನ ಹೆಸರು, ಫೀಡರ್ ಹೆಸರು, ಎಲ್‌ಸಿ ನಂಬರ್ ಮೂರನ್ನೂ ಕಿಸೆಯ ಪುಸ್ತಕದಲ್ಲಿ ಬರೆದುಕೊಳ್ಳುವುದು. ಬರೆದದ್ದನ್ನು ಫೋನಿನಲ್ಲಿ ವಾಪಸ್ ಓದಿ ಹೇಳುವುದು. ಜಿಓಎಸ್ ಎಳೆದ ಮೇಲೆ ಮೂರೂ ಬ್ಲೇಡ್ ಬಿಟ್ಟಿವೆಯಾ ಎಂದು ತಲೆ ಎತ್ತಿ ಎಣಿಸುವುದು. ಆಮೇಲೆ ಕೆಲಸದ ಜಾಗದ ಎರಡೂ ಬದಿಗೆ ಅರ್ಥಿಂಗ್ ರಾಡ್ ಹಾಕುವುದು. ಆ ಎರಡನೆಯ ರಾಡ್ ಬಗ್ಗೆ ನಾವೆಲ್ಲ ಗೊಣಗಿದವರೇ. ಅದನ್ನು ಹೊತ್ತುಕೊಂಡು ಮಳೆಯಲ್ಲಿ ಅಡಿಕೆ ತೋಟದ ಕೆಸರು ದಾಟಬೇಕಲ್ವಾ.

ಮೊಬೈಲ್ ಇಲ್ಲದ ಕಾಲದಲ್ಲಿ ಲೈನ್ ಕ್ಲಿಯರ್ ಬೇಕೆಂದರೆ ಯಾರದೋ ಮನೆಯ ಲ್ಯಾಂಡ್‌ಲೈನ್ ಹುಡುಕಬೇಕಿತ್ತು, ಇಲ್ಲವೇ ಸೈಕಲ್ ತುಳಿದು ಸಬ್‌ಸ್ಟೇಷನ್‌ಗೇ ಹೋಗಬೇಕಿತ್ತು. ‘ಇಂಥ ಹೊತ್ತಿಗೆ ಆಫ್ ಮಾಡಿ, ಇಂಥ ಹೊತ್ತಿಗೆ ಆನ್ ಮಾಡಿ’ ಎಂದು ಟೈಮ್ ಹೇಳಿಟ್ಟು ಕೆಲಸ ಮಾಡುವವರೂ ಆಗ ಇದ್ದರು. ಇವರು ಅದಕ್ಕೆ ಒಪ್ಪಿದವರೇ ಅಲ್ಲ. ‘ಅವನ ಗಡಿಯಾರ ಮುಂದಿದ್ರೆ ನಾನು ಸಾಯ್ಬೇಕಾ?’ ಅಂತಿದ್ದರು.

2019ರ ಆಗಸ್ಟ್ ಮಳೆ ನಿಮಗೆ ನೆನಪಿದೆ. ಮಲೆನಾಡು ಪೂರ್ತಿ ನೀರು, ಕುಸಿದ ಗುಡ್ಡ, ಮಲಗಿದ ಕಂಬ. ಆ ದಿನಗಳಲ್ಲಿ ಒಂದು ಮಧ್ಯಾಹ್ನ ತುಂಡಾದ 11 ಕೆವಿ ತಂತಿ ಕಟ್ಟಲು ನಾವು ಮೂವರು ಕಂಬದ ಮೇಲಿದ್ದೆವು. ಮಂಜಪ್ಪಣ್ಣ ಕೆಳಗೆ. ಎಲ್‌ಸಿ ಸಿಕ್ಕಿತ್ತು, ಫೀಡರ್ ಆಫ್ ಇತ್ತು, ಎರಡೂ ಬದಿಗೆ ರಾಡ್ ಬಿದ್ದಿತ್ತು. ಇದ್ದಕ್ಕಿದ್ದಂತೆ ಆಚೆ ಬದಿಯ ರಾಡ್‌ನ ತುದಿಯಲ್ಲಿ ಚಟಪಟ ಎಂದಿತು. ಸ್ವಲ್ಪ ದೂರದಲ್ಲಿ ಒಂದು ಜನರೇಟರ್ ಮುಕ್ಕರಿಸಿ ನಿಂತಿತು.

ಆದದ್ದು ಇಷ್ಟೇ. ಒಂದು ತೋಟದ ಮನೆಯವರು ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಜೋಡಿಸಿದ್ದರು. ಅದರ ಕರೆಂಟ್ ಅವರ ಮನೆಯಿಂದ ಟಿಸಿಗೆ ಬಂತು. ಟಿಸಿಯಲ್ಲಿ ಉಲ್ಟಾ ಏರಿ ನಮ್ಮ ಲೈನ್‌ಗೆ ಬಂತು. ಬಂದದ್ದು ನಾವಿದ್ದ ಕಂಬದವರೆಗೆ ತಲುಪುವ ಮೊದಲೇ ಆ ರಾಡ್ ಅದನ್ನು ನೆಲಕ್ಕೆ ಇಳಿಸಿತು. ನಾವು ಗೊಣಗುತ್ತಾ ಹೊತ್ತು ತಂದಿದ್ದ ಎರಡನೆಯ ರಾಡ್ ಅದು. ಆವತ್ತು ಸಂಜೆ ಮಂಜಪ್ಪಣ್ಣ ನಮಗೆ ಏನೂ ಹೇಳಲಿಲ್ಲ. ಆ ಮನೆಗೆ ಹೋಗಿ ಯಜಮಾನರಿಗೆ ಮಾತ್ರ ಸರಿಯಾಗಿ ಹೇಳಿದರು. ಏನು ಹೇಳಿದರು ಎನ್ನುವುದನ್ನು ಮಕ್ಕಳ ಮುಂದೆ ಹೇಳುವಂತಿಲ್ಲ.

ಸಿಟ್ಟು ಅವರಿಗೆ ಬರುತ್ತದೆ. ಹೆಲ್ಮೆಟ್ ಇಲ್ಲದೆ ಏಣಿ ಮುಟ್ಟಿದ ಹುಡುಗನನ್ನು ವಾಪಸ್ ಮನೆಗೆ ಕಳಿಸಿದ್ದಾರೆ, ಆ ದಿನದ ಕೆಲಸ ತಾವೇ ಮಾಡಿದ್ದಾರೆ. ಬೇಗ ಮುಗಿಸಿ ಎಂದು ಒತ್ತಾಯ ಮಾಡಿದ ದೊಡ್ಡವರಿಗೂ ‘ನೀವೇ ಹತ್ತಿ’ ಎಂದು ಬೆಲ್ಟ್ ಕೊಟ್ಟಿದ್ದಾರೆ. ಅದಕ್ಕೆ ಬಂದ ಮೆಮೊ ಓದಿ ನಗುತ್ತಾ ಕಿಸೆಗೆ ಹಾಕಿಕೊಂಡವರು ಇವರು. ಗೃಹಜ್ಯೋತಿ ಬಂದ ಮೇಲೆ ಬಿಲ್ ಕಡಿಮೆಯಾಯ್ತು ಎಂದು ಇವರಿಗೇ ಥ್ಯಾಂಕ್ಸ್ ಹೇಳಿದ ಅಜ್ಜಿಯರೂ ಇದ್ದಾರೆ. ಇವರು ಬೇಡ ಅನ್ನಲಿಲ್ಲ, ಕಾಫಿ ಕುಡಿದು ಬಂದರು.

ಸಾವಿತ್ರಕ್ಕ, ಒಂದು ಮಾತು ನಿಮಗೆ. ಗಳಿಕೆ ರಜೆ 300 ದಿನಕ್ಕಿಂತ ಜಾಸ್ತಿ ಕೂಡಿಡಲು ಆಗುವುದಿಲ್ಲ. ಅದು ತುಂಬಿದ ಮೇಲೂ ಇವರು ರಜೆ ಹಾಕಲಿಲ್ಲ. ಅಲ್ಲಿಂದಾಚೆಗಿನ ರಜೆಯೆಲ್ಲ ಸುಮ್ನೆ ಹೋಯ್ತು. ಅದು ನಿಮಗೆ ಸೇರಬೇಕಿದ್ದ ದಿನಗಳು, ನಮಗೆ ಗೊತ್ತು. ಮಗಳ ಮದುವೆಯ ಹಿಂದಿನ ರಾತ್ರಿ ಚಪ್ಪರದಿಂದ ಎದ್ದು ಹೋದದ್ದೂ ಗೊತ್ತು, ಯಾಕೆಂದರೆ ಕರೆಯಲು ಬಂದವರು ನಾವೇ. ನಾಳೆಯಿಂದ ಗಾಳಿ ಎದ್ದರೆ ಇವರು ಅಂಗಳಕ್ಕೆ ಬಂದು ಯಾವ ಫೀಡರ್ ಹೋಯ್ತು ಎಂದು ನೋಡುತ್ತಾರೆ. ದಯವಿಟ್ಟು ಒಳಗೆ ಕರೆಯಿರಿ. ಟಾರ್ಚ್ ಸಿಗದ ಹಾಗೆ ಇಟ್ಟರೂ ಒಳ್ಳೆಯದು.

ಪಿಂಚಣಿ ಕಾಗದಗಳನ್ನು ಕಳಿಸಿ ಆಗಿದೆ. ಸೇವಾ ಪುಸ್ತಕದಲ್ಲಿ ಕೊನೆಯ ಸಾಲನ್ನು ಇವತ್ತು ಮಧ್ಯಾಹ್ನ ಬರೆದರು, 16 ದಿನ ಎಂದೇ ಬರೆದಿದ್ದಾರೆ, ನಾನು ಪಕ್ಕದಲ್ಲೇ ನಿಂತಿದ್ದೆ.

ಸೆಕ್ಷನ್‌ನವರೆಲ್ಲ ಸೇರಿ ಒಂದು ಇನ್ವರ್ಟರ್ ತಂದಿದ್ದೇವೆ. ಲೈನ್‌ಮನ್‌ಗೆ ಇನ್ವರ್ಟರ್ ಕೊಡುವುದು ನಗೆಪಾಟಲು ಎಂದು ಗೊತ್ತು. ಆದರೂ ಇನ್ನು ಮುಂದೆ ನೀವು ಗ್ರಾಹಕರು, ಮಂಜಪ್ಪಣ್ಣ. ಕರೆಂಟ್ ಹೋದರೆ ಫೋನ್ ಮಾಡಿ, ‘ಬರ್ತಾ ಇದೀವಿ’ ಅಂತೀವಿ. ಆಮೇಲೆ ಎಷ್ಟು ಹೊತ್ತಾಗುತ್ತದೆ ಎನ್ನುವುದನ್ನು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ.

ಈಗ ಎಇಇ ಸಾಹೇಬರು ಶಾಲು ಹೊದಿಸಬೇಕು, ಮೇಡಂ ಹಾರ ಹಾಕಬೇಕು. ಸಾವಿತ್ರಕ್ಕ, ನೀವೂ ಮೇಲೆ ಬನ್ನಿ. ಮಂಜಪ್ಪಣ್ಣ, ಆ ಫೋನ್ ಆಫ್ ಮಾಡಿ, ಆಗಿನಿಂದ ಹೊಡೆದುಕೊಳ್ಳುತ್ತಿದೆ. ಕಂಪ್ಲೇಂಟ್ ಇದ್ದರೆ ನನಗೆ ಕೊಡಿ, ನಾನು ಬರೆದುಕೊಳ್ಳುತ್ತೇನೆ.