ಒಲೆಯ ಮೇಲೆ ಉಳಿದ ಗಸಿ

ಭಾನುವಾರ ಮಧ್ಯಾಹ್ನ ಹನ್ನೆರಡೂ ಮುಕ್ಕಾಲು ಗಂಟೆ. ಕಲ್ಯಾಣಪುರದ ಮನೆಯ ಹಿಂಬದಿಯಲ್ಲಿ ಗುಲಾಬಿ ಮೆಟ್ಟುಕತ್ತಿಯ ಮುಂದೆ ಕುಳಿತು ಬಂಗುಡೆ ಹೆಚ್ಚುತ್ತಿದ್ದಳು. ಕೊನೆಯ ಮೀನಿನ ತಲೆ ತೆಗೆಯುವಾಗ ಫೋನ್ ಬಡಿದುಕೊಂಡಿತು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಆಗ ಬೆಳಿಗ್ಗೆ ಏಳೂಕಾಲು. ಭಾನುವಾರ ಅಷ್ಟು ಬೇಗ ಏಳುವ ಹುಡುಗಿಯಲ್ಲ ಶ್ರಾವ್ಯಾ. ಗುಲಾಬಿ ಕೈಯನ್ನು ಸೆರಗಿಗೆ ಒರೆಸಿಕೊಂಡೇ ಫೋನ್ ಎತ್ತಿದಳು.

"ಅಮ್ಮ, ಕೋಳಿ ಗಸಿ ರಾತ್ರಿಯಿಡೀ ಒಲೆಯ ಮೇಲೆಯೇ ಉಳಿದುಬಿಟ್ಟಿದೆ. ತಿನ್ನಬಹುದಾ?"

"ಒಲೆ ಆರಿಸಿದ್ದು ಎಷ್ಟು ಗಂಟೆಗೆ?"

"ಹತ್ತೂವರೆಗೆ. ಆರಲಿ, ಆಮೇಲೆ ಫ್ರಿಜ್ಜಿಗೆ ಇಡುತ್ತೇನೆ ಎಂದುಕೊಂಡು ಓದುತ್ತಾ ನಿದ್ದೆ ಹೋದೆ. ಎರಡು ಕಿಲೋ ಕೋಳಿ ಅಮ್ಮ. ಇವತ್ತು ನಾಲ್ವರಿಗೂ ನಾನೇ ಊಟ ಹಾಕುತ್ತೇನೆ ಎಂದು ಹೇಳಿದ್ದೆ. ನೀನು ಕಟ್ಟಿಕೊಟ್ಟ ಮಸಾಲೆ ಪುಡಿಯೆಲ್ಲ ಅದಕ್ಕೇ ಹಾಕಿದ್ದೇನೆ."

ಆಗಸ್ಟ್‌ನಲ್ಲಿ ಹುರಿದು ಪುಡಿ ಮಾಡಿದ ಬ್ಯಾಡಗಿ ಮೆಣಸು, ಕೊತ್ತಂಬರಿ, ಮೆಂತೆ ಗುಲಾಬಿಯ ಮೂಗಿಗೆ ಈಗಲೇ ಬಂದಂತಾಯಿತು. ಮೂರು ಪದರ ಪ್ಲಾಸ್ಟಿಕ್ ಸುತ್ತಿ, ಮಗಳ ಸೀರೆಯ ನಡುವೆ ಇಟ್ಟು ಕಳಿಸಿದ್ದಳು.

"ಅಲ್ಲಿ ಚಳಿ ಅಲ್ಲವಾ?"

"ಹೊರಗೆ ಚಳಿ. ಅಡುಗೆಮನೆಯಲ್ಲಿ ಹೀಟರ್ ಇದೆ, ಬೆಚ್ಚಗಿರುತ್ತದೆ. ವಾಸನೆ ಏನೂ ಕೆಟ್ಟಿಲ್ಲ. ಹತ್ತು ನಿಮಿಷ ಚೆನ್ನಾಗಿ ಕುದಿಸಿದರೆ ಸಾಕು ಎಂದು ಪಕ್ಕದ ಕೋಣೆಯವಳು ಹೇಳುತ್ತಿದ್ದಾಳೆ."

"ಬೇಡ. ಚೆಲ್ಲಿಬಿಡು."

ಆ ಕಡೆಯಿಂದ ಮಾತಿಲ್ಲ. ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೂ ಗದರುತ್ತಿದ್ದ ಅಮ್ಮ ಇವಳೇನಾ ಎಂದು ಮಗಳು ಯೋಚಿಸುತ್ತಿರಬೇಕು.

"ನೀನು ಮಣ್ಣಿನ ಪಾತ್ರೆಯಲ್ಲಿ ಮೀನು ಸಾರನ್ನು ಎರಡು ದಿನ ಇಡುತ್ತಿರಲಿಲ್ಲವಾ? ಮರುದಿನವೇ ರುಚಿ ಹೆಚ್ಚು ಎನ್ನುತ್ತಿದ್ದೆ."

"ಆಗ ಫ್ರಿಜ್ ಇರಲಿಲ್ಲ ಮಗಳೇ. ಹುಳಿ ಗಟ್ಟಿಯಾಗಿ ಹಾಕುತ್ತಿದ್ದೆ, ಮಲಗುವ ಮುನ್ನ ಕುದಿಸುತ್ತಿದ್ದೆ, ಎದ್ದ ಕೂಡಲೇ ಮತ್ತೆ ಕುದಿಸುತ್ತಿದ್ದೆ. ಆದರೂ ಈಗ ನೆನೆದರೆ ಹೆದರಿಕೆಯಾಗುತ್ತದೆ. ನಿನ್ನದು ತೆಂಗಿನಹಾಲಿನ ಗಸಿ, ಹುಳಿ ಕಡಿಮೆ, ಒಂಬತ್ತು ಗಂಟೆ ಬೆಚ್ಚಗೆ ಕುಳಿತಿದೆ."

"ಕುದಿಸಿದರೆ ಕ್ರಿಮಿ ಸಾಯುತ್ತದೆ ಅಮ್ಮ."

"ಕ್ರಿಮಿ ಸಾಯುತ್ತದೆ. ಅದು ಬಿಟ್ಟ ವಿಷ ಸಾಯುವುದಿಲ್ಲ. ಕೆಲವು ವಿಷ ಎಷ್ಟು ಕುದಿಸಿದರೂ ಹಾಗೇ ಉಳಿಯುತ್ತದೆ. ವಾಸನೆಯಲ್ಲೂ ಗೊತ್ತಾಗುವುದಿಲ್ಲ."

"ಇದನ್ನೆಲ್ಲ ನಿನಗೆ ಯಾರು ಹೇಳಿದರು?"

ಗುಲಾಬಿ ಮೀನಿನ ಪಾತ್ರೆಗೆ ತಟ್ಟೆ ಮುಚ್ಚಿದಳು. ಮೆಟ್ಟಿಲ ಮೇಲೆ ಬೆಕ್ಕು ಕಾಯುತ್ತಿತ್ತು.

"ಡಾಕ್ಟರು. ನಿನಗಾಗ ಮೂರು ವರ್ಷ, ಅಣ್ಣನಿಗೆ ಏಳು. ಕೋಲದ ಮರುದಿನ ಉಳಿದ ಗಸಿಯನ್ನು ನೊರೆ ಬರುವ ಹಾಗೆ ಕುದಿಸಿ ಅವನಿಗೆ ಬಡಿಸಿದೆ. ಎರಡು ರೊಟ್ಟಿ ಹೆಚ್ಚು ಕೇಳಿ ತಿಂದ. ಮೂರು ಗಂಟೆಯೊಳಗೆ ವಾಂತಿ. ನಿಲ್ಲಲೇ ಇಲ್ಲ. ಕಣ್ಣು ಒಳಗೆ ಹೋಗಿ, ತುಟಿ ಒಣಗಿ, ಆಟೋದಲ್ಲಿ ನನ್ನ ಮಡಿಲಲ್ಲಿ ಅರಿವೆಯ ಹಾಗೆ ಬಿದ್ದಿದ್ದ. ರಾತ್ರಿಯಿಡೀ ಡ್ರಿಪ್ ಹಾಕಿದರು."

"ಅದು ಜಾತ್ರೆಯ ಐಸ್‌ಕ್ಯಾಂಡಿಯಿಂದ ಆದದ್ದು ಎಂದು ಅಜ್ಜಿ ಹೇಳುತ್ತಿದ್ದರು."

"ಅಜ್ಜಿಗೆ ಹಾಗೆ ಹೇಳಿದ್ದು ನಾನು. ನಿನ್ನ ಅಪ್ಪನಿಗೂ ಹಾಗೇ ಹೇಳಿದೆ. ಐಸ್‌ಕ್ಯಾಂಡಿ ಕೊಡಿಸಿದ್ದಕ್ಕೆ ಅವರು ಎಷ್ಟೋ ವರ್ಷ ತಮ್ಮನ್ನೇ ಬೈದುಕೊಂಡರು. ನಾನು ಸುಮ್ಮನಿದ್ದೆ."

ಲೀಡ್ಸ್‌ನ ಅಡುಗೆಮನೆಯಲ್ಲಿ ನಲ್ಲಿಯ ನೀರು ನಿಂತಿತು. ಬಳಿಕ ಪ್ಲಾಸ್ಟಿಕ್ ಚೀಲ ಬಿಡಿಸಿದ ಸರಸರ, ಸೌಟು ಪಾತ್ರೆಯ ತಳ ಕೆರೆದ ಸದ್ದು. ಒಂದು, ಎರಡು, ಮೂರು. ಗುಲಾಬಿ ಎಣಿಸುತ್ತಾ ಕುಳಿತಳು. ಎರಡು ಕಿಲೋ ಕೋಳಿಗಿಂತ ಅವಳಿಗೆ ಹೆಚ್ಚು ನೋವಾದದ್ದು ಆ ಮಸಾಲೆ ಚೀಲಕ್ಕೆ ಬೀಳುತ್ತಿದ್ದುದಕ್ಕೆ.

"ಚೀಲದ ಬಾಯಿ ಬಿಗಿಯಾಗಿ ಕಟ್ಟು. ಸೌಟನ್ನೂ ಸೋಪು ಹಾಕಿ ತೊಳೆ. ಯಾರಾದರೂ ರುಚಿ ನೋಡಿದ್ದಾರಾ?"

"ಇಲ್ಲ. ನಿನ್ನನ್ನು ಕೇಳುವವರೆಗೂ ಮುಟ್ಟಬೇಡಿ ಎಂದಿದ್ದೆ."

"ಒಳ್ಳೆಯದಾಯಿತು. ಮೊಟ್ಟೆ ಇದೆಯಾ?"

"ಹನ್ನೆರಡು ಇವೆ."

"ಈರುಳ್ಳಿ, ಟೊಮೆಟೊ ಹುರಿದು ಮೊಟ್ಟೆ ಸಾರು ಮಾಡು. ನಾಲ್ವರಿಗೂ ಸಾಕಾಗುತ್ತದೆ. ಮಿಕ್ಕರೆ ಅಗಲವಾದ ಡಬ್ಬಿಗಳಿಗೆ ತೆಳ್ಳಗೆ ಹರಡು, ಬೇಗ ತಣಿಯುತ್ತದೆ. ಎರಡು ಗಂಟೆ ಕಳೆಯುವ ಮೊದಲು ಫ್ರಿಜ್ಜಿಗೆ ಹೋಗಬೇಕು. ಓದಲು ಕೂರುವ ಮುನ್ನ, ತಿಳಿಯಿತಾ?"

"ತಿಳಿಯಿತು." ಸ್ವಲ್ಪ ತಡೆದು ಶ್ರಾವ್ಯಾ ಕೇಳಿದಳು: "ಅಮ್ಮ, ಅಣ್ಣನಿಗೆ ಗೊತ್ತಾ?"

"ಇಲ್ಲ."

"ನಾನು ಹೇಳುವುದಿಲ್ಲ."

ಗೇಟಿನ ಬಳಿ ಬೈಕ್ ನಿಂತ ಸದ್ದಾಯಿತು. ಹಸಿವಾದಾಗ ಮಗ ಯಾವಾಗಲೂ ಮಾಡುವ ಹಾಗೆ ಅಂಗಳದಿಂದಲೇ ಅಮ್ಮನನ್ನು ಕರೆದ.

"ನೀನು ಹೇಳಬೇಡ," ಎಂದಳು ಗುಲಾಬಿ. "ಊಟಕ್ಕೆ ಬಂದಿದ್ದಾನೆ. ನಾನೇ ಹೇಳುತ್ತೇನೆ."